ಲೆಕ್ಕ ಶುರುವಾಗುವುದು ದೂರು ಕೊಟ್ಟ ದಿನದಿಂದಲ್ಲ

“ಏಳು ವರ್ಕಿಂಗ್ ಡೇಸ್ ಆಗುತ್ತೆ, ತಾನಾಗೇ ಬರುತ್ತೆ, ಹೋಗಿ ಬನ್ನಿ.” ಎಟಿಎಂನಲ್ಲಿ ನೋಟು ಬರದೆ ಖಾತೆಯಿಂದ ಮಾತ್ರ ದುಡ್ಡು ಹೋದವರು ಬ್ಯಾಂಕಿನ ಕೌಂಟರಿನಲ್ಲಿ ಹೆಚ್ಚಾಗಿ ಕೇಳಿಸಿಕೊಳ್ಳುವ ಮಾತು ಇದು. ಹೇಳುವವರು ಸುಳ್ಳು ಹೇಳಬೇಕೆಂದು ಹೇಳುವುದಿಲ್ಲ. ಒಂದು ಕಾಲದಲ್ಲಿ ನಿಯಮ ಹಾಗೆಯೇ ಇತ್ತು. ಈಗ ಇಲ್ಲ. ಆ ಹಳೆಯ ನಿಯಮಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸ ಗ್ರಾಹಕನ ಕೈಗೆ ನೂರಾರು, ಕೆಲವೊಮ್ಮೆ ಸಾವಿರಾರು ರೂಪಾಯಿಯ ಹಕ್ಕು ಕೊಡುತ್ತದೆ. ಆದರೆ ಅದು ಗೊತ್ತಿಲ್ಲದೆ ಜನ ಅಸಲು ವಾಪಸ್ ಬಂದದ್ದೇ ದೊಡ್ಡದು ಎಂದು ಸುಮ್ಮನಾಗುತ್ತಿದ್ದಾರೆ. ಹಾಗಾಗಿ ಈ ವಾರ ಆ ಒಂದೇ ನಿಯಮವನ್ನು ಬಿಡಿಸಿ ನೋಡೋಣ.

ಮೊದಲು ಹಳೆಯದು. 2009ರಲ್ಲಿ ರಿಸರ್ವ್ ಬ್ಯಾಂಕ್ ಇಂಥ ಹಣವನ್ನು ಹಿಂತಿರುಗಿಸಲು ಬ್ಯಾಂಕುಗಳಿಗೆ 12 ಕೆಲಸದ ದಿನಗಳ ಗಡುವು ಕೊಟ್ಟಿತ್ತು. ಮೀರಿದರೆ ದಿನಕ್ಕೆ 100 ರೂಪಾಯಿ. 2011ರ ಮೇ ತಿಂಗಳ ಸುತ್ತೋಲೆ ಅದನ್ನು ಏಳು ಕೆಲಸದ ದಿನಕ್ಕೆ ಇಳಿಸಿತು. ಆದರೆ ಆ ಏಳು ದಿನದ ಎಣಿಕೆ ಶುರುವಾಗುತ್ತಿದ್ದದ್ದು ಗ್ರಾಹಕನ ದೂರು ಬ್ಯಾಂಕಿಗೆ ಮುಟ್ಟಿದ ಮೇಲೆ. ಪರಿಹಾರ ಬೇಕೆಂದರೆ ಹಣ ಕಡಿತವಾದ 30 ದಿನದೊಳಗೆ ದೂರು ಕೊಟ್ಟಿರಲೇಬೇಕಿತ್ತು. ದೂರು ಕೊಡದವನಿಗೆ ದಿನದ ಲೆಕ್ಕವೂ ಇಲ್ಲ, ಪರಿಹಾರವೂ ಇಲ್ಲ. ಕೌಂಟರಿನಲ್ಲಿ ಇಂದಿಗೂ ಕೇಳಿಬರುವ “ಏಳು ವರ್ಕಿಂಗ್ ಡೇಸ್” ಬಂದದ್ದು ಅಲ್ಲಿಂದ.

2019ರ ಸೆಪ್ಟೆಂಬರ್ 20ರಂದು ರಿಸರ್ವ್ ಬ್ಯಾಂಕ್ ಹೊಸ ಸುತ್ತೋಲೆ ಹೊರಡಿಸಿತು. ಅದೇ ವರ್ಷದ ಅಕ್ಟೋಬರ್ 15ರಿಂದ ಜಾರಿಗೆ ಬಂತು. ಎಟಿಎಂ, ಯುಪಿಐ, ಐಎಂಪಿಎಸ್, ಆಧಾರ್ ಮೂಲಕದ ಪಾವತಿ ಹೀಗೆ ಬೇರೆ ಬೇರೆ ದಾರಿಯಲ್ಲಿ ವಿಫಲವಾದ ವ್ಯವಹಾರಗಳಿಗೆಲ್ಲ ಒಂದೇ ಪಟ್ಟಿಯಲ್ಲಿ ಗಡುವು ಹಾಕಿದ ಸುತ್ತೋಲೆ ಅದು. ಎಟಿಎಂ ವಿಷಯದಲ್ಲಿ ಅದು ಹೇಳುವುದು ಇಷ್ಟು: ಖಾತೆಯಿಂದ ಕಡಿತವಾಗಿ ನಗದು ಬರದಿದ್ದರೆ, ಹೆಚ್ಚೆಂದರೆ ‘ಟಿ ಪ್ಲಸ್ 5’ ದಿನದೊಳಗೆ ಬ್ಯಾಂಕು ತಾನಾಗಿಯೇ ಹಣವನ್ನು ಮರುಜಮೆ ಮಾಡಬೇಕು. ಅದು ಮೀರಿದರೆ ತಡವಾದ ಪ್ರತಿ ದಿನಕ್ಕೆ 100 ರೂಪಾಯಿಯನ್ನು ಖಾತೆದಾರನ ಖಾತೆಗೆ ಹಾಕಬೇಕು. ಟಿ ಎಂದರೆ ವ್ಯವಹಾರ ನಡೆದ ಕ್ಯಾಲೆಂಡರ್ ದಿನಾಂಕ ಎಂದು ಸುತ್ತೋಲೆಯೇ ಅರ್ಥ ಕೊಟ್ಟಿದೆ. ಹಿಂದಿನ ನಿಯಮದಲ್ಲಿದ್ದ ‘ಕೆಲಸದ ದಿನ’ ಎಂಬ ಮಾತು ಈ ಗಡುವಿನಲ್ಲಿ ಇಲ್ಲ. ಗ್ರಾಹಕ ದೂರು ಕೊಡಲಿ ಎಂದು ಕಾಯದೆ ಪರಿಹಾರವನ್ನು ತಾನಾಗಿ ಕೊಡಬೇಕೆಂದೂ ಅದು ಬ್ಯಾಂಕಿಗೆ ಹೇಳುತ್ತದೆ.

ಅಂದರೆ ದಿನದ ಲೆಕ್ಕ ಶುರುವಾಗುವುದು ನೀವು ಅರ್ಜಿ ಬರೆದಾಗ ಅಲ್ಲ, ಯಂತ್ರದ ಮುಂದೆ ಬರಿಗೈಯಲ್ಲಿ ನಿಂತ ಆ ಸಂಜೆಯೇ. ನನ್ನ ಮಟ್ಟಿಗೆ ಇಡೀ ಸುತ್ತೋಲೆಯಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇಲ್ಲ. ತಡದ ಹೊರೆಯನ್ನು ಅದು ಗ್ರಾಹಕನ ಹೆಗಲಿನಿಂದ ಇಳಿಸಿ ಬ್ಯಾಂಕಿನ ಹೆಗಲಿಗೆ ಏರಿಸಿದೆ.

ತಿಪಟೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನನ್ನ ಪರಿಚಯದ ಹೆಣ್ಣುಮಗಳೊಬ್ಬರ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. 2024ರ ಸಂಕ್ರಾಂತಿಗೆ ಮುಂಚಿನ ಶುಕ್ರವಾರ, ಜನವರಿ 12ರ ಸಂಜೆ, ಬಟ್ಟೆ ವ್ಯಾಪಾರಿಗೆ ಕೊಡಬೇಕಾದ 10,000 ರೂಪಾಯಿ ತೆಗೆಯಲು ಅವರು ಅಂಗಡಿಗೆ ಹತ್ತಿರವಿದ್ದ ಎಟಿಎಂಗೆ ಹೋದರು. ಅವರ ಖಾತೆ ಇರುವುದು ಒಂದು ಬ್ಯಾಂಕಿನಲ್ಲಿ, ಎಟಿಎಂ ಇನ್ನೊಂದು ಬ್ಯಾಂಕಿನದು. ಪಿನ್ ಒತ್ತಿದರು, ಒಳಗೆ ನೋಟು ಎಣಿಸುವ ಸದ್ದು ಬಂತು, ಸದ್ದು ನಿಂತಿತು. ಪರದೆಯ ಮೇಲೆ ಕ್ಷಮೆ ಕೋರುವ ಒಂದು ಸಾಲು ಮೂಡಿತು. ಚೀಟಿ ಬರಲಿಲ್ಲ. ಹೊರಗೆ ಕಾಲಿಡುವಷ್ಟರಲ್ಲಿ ಮೊಬೈಲಿಗೆ 10,000 ರೂಪಾಯಿ ಕಡಿತದ ಸಂದೇಶ ಬಂತು.

ಮರುದಿನ ಎರಡನೇ ಶನಿವಾರ, ಅದರ ಮರುದಿನ ಭಾನುವಾರ, ಸೋಮವಾರ ಸಂಕ್ರಾಂತಿ. ಬ್ಯಾಂಕಿನ ಬಾಗಿಲು ತೆರೆದದ್ದು ಮಂಗಳವಾರ, 16ಕ್ಕೆ. ಮೊದಲು ಅವರು ಹೋದದ್ದು ಎಟಿಎಂ ಯಾರದೋ ಆ ಬ್ಯಾಂಕಿಗೆ. ಅಲ್ಲಿ “ನಿಮ್ಮ ಖಾತೆ ಎಲ್ಲಿದೆಯೋ ಅಲ್ಲಿಗೆ ಹೋಗಿ ಮೇಡಂ” ಎಂದರು. ಆ ಮಾತು ಸರಿಯಾಗಿಯೇ ಇತ್ತು. ಎಟಿಎಂ ಯಾರದ್ದೇ ಆಗಿರಲಿ, ದೂರು ತೆಗೆದುಕೊಳ್ಳಬೇಕಾದದ್ದು ಕಾರ್ಡು ಕೊಟ್ಟ ಬ್ಯಾಂಕು. ಎರಡು ಬ್ಯಾಂಕುಗಳ ನಡುವಿನ ತಕರಾರನ್ನು ಅವೇ ತಮ್ಮ ಜಾಲದ ಮೂಲಕ ಬಗೆಹರಿಸಿಕೊಳ್ಳಬೇಕು, ಗ್ರಾಹಕ ನಡುವೆ ಓಡಾಡಬೇಕಾಗಿಲ್ಲ. ತಮ್ಮ ಬ್ಯಾಂಕಿಗೆ ಹೋದರೆ ಅಲ್ಲಿ ಸಿಕ್ಕಿದ್ದು “ಏಳು ವರ್ಕಿಂಗ್ ಡೇಸ್”.

ಆ ಲೆಕ್ಕ ಹಿಡಿದರೆ ಗಡುವು ಜನವರಿಯ ನಾಲ್ಕನೇ ವಾರಕ್ಕೆ ಹೋಗುತ್ತದೆ. ಸುತ್ತೋಲೆಯ ಲೆಕ್ಕ ಹಿಡಿದರೆ ಟಿ ಎಂದರೆ ಜನವರಿ 12. ಅದಕ್ಕೆ ಐದು ಸೇರಿಸಿದರೆ 17. ಅವರು ಕೌಂಟರಿನ ಮುಂದೆ ನಿಂತಿದ್ದ ದಿನಕ್ಕೆ ಬ್ಯಾಂಕಿನ ಬಳಿ ಉಳಿದಿದ್ದದ್ದು ಒಂದೇ ಒಂದು ದಿನ. ಮೂರು ದಿನದ ರಜೆಯಲ್ಲಿ ಬಾಗಿಲು ಹಾಕಿದ್ದರೂ ಲೆಕ್ಕ ಓಡುತ್ತಲೇ ಇತ್ತು.

ಹಣ ಕಡಿತವಾಗಿ ನೋಟು ಬರದೆ ಹೋಗುವುದಾದರೂ ಹೇಗೆ ಎಂದು ಸ್ವಲ್ಪ ತಿಳಿದುಕೊಂಡರೆ ದೂರಿನಲ್ಲಿ ಏನು ಬರೆಯಬೇಕು ಎನ್ನುವುದು ತಾನಾಗಿ ಗೊತ್ತಾಗುತ್ತದೆ. ಬೇರೆ ಬ್ಯಾಂಕಿನ ಎಟಿಎಂನಲ್ಲಿ ಕಾರ್ಡು ಹಾಕಿದಾಗ ನಿಮ್ಮ ಕೋರಿಕೆ ಆ ಬ್ಯಾಂಕಿನ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಎನ್‌ಪಿಸಿಐ ನಡೆಸುವ ನ್ಯಾಷನಲ್ ಫೈನಾನ್ಷಿಯಲ್ ಸ್ವಿಚ್ ಎಂಬ ಜಾಲಕ್ಕೆ ಹೋಗಿ, ಅಲ್ಲಿಂದ ನಿಮ್ಮ ಬ್ಯಾಂಕಿಗೆ ತಲುಪುತ್ತದೆ. ನಿಮ್ಮ ಬ್ಯಾಂಕು ಪಿನ್ ಸರಿಯಿದೆಯೇ, ಹಣ ಇದೆಯೇ ನೋಡಿ, ಖಾತೆಯಿಂದ ಮೊದಲು ಕಡಿತ ಮಾಡಿ, ಆಮೇಲೆ ‘ಕೊಡಬಹುದು’ ಎಂಬ ಒಪ್ಪಿಗೆಯನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತದೆ. ಒಪ್ಪಿಗೆ ಯಂತ್ರಕ್ಕೆ ಮುಟ್ಟಿದ ಮೇಲಷ್ಟೇ ನೋಟು ಎಣಿಕೆ ಶುರು. ಕಡಿತ ಮೊದಲು, ನೋಟು ಆಮೇಲೆ. ಈ ಕ್ರಮ ಬೇಕೆಂದೇ ಮಾಡಿದ್ದು, ಇಲ್ಲದಿದ್ದರೆ ಖಾತೆಯಲ್ಲಿ ಇಲ್ಲದ ಹಣವನ್ನೂ ಯಂತ್ರ ಕೊಟ್ಟುಬಿಡಬಹುದು. ಆದರೆ ಕಡಿತಕ್ಕೂ ನೋಟು ಹೊರಬರುವುದಕ್ಕೂ ನಡುವಿನ ಆ ಕೆಲವು ಸೆಕೆಂಡುಗಳಲ್ಲಿ ಏನು ಎಡವಟ್ಟಾದರೂ ನಿಮ್ಮ ಹಣ ನಡುನೀರಿನಲ್ಲಿ ಉಳಿಯುತ್ತದೆ.

ಎಡವಟ್ಟು ಎಲ್ಲಿ ಆಯಿತು ಎನ್ನುವುದನ್ನು ಯಂತ್ರದ ಸದ್ದಿನಿಂದ ಒಂದಷ್ಟು ಊಹಿಸಬಹುದು. ಎಣಿಸುವ ಸದ್ದೇ ಬಾರದೆ ಪರದೆ ಸ್ಥಗಿತವಾಗಿ ಕೊನೆಗೆ ಸಮಯ ಮೀರಿತು ಎಂದು ತೋರಿಸಿದರೆ, ಒಪ್ಪಿಗೆಯ ಸಂದೇಶ ಯಂತ್ರದ ತನಕ ಬರಲೇ ಇಲ್ಲ, ಸಂಪರ್ಕ ಕಡಿದಿದೆ ಎಂದು ಬಹುಮಟ್ಟಿಗೆ ತಿಳಿಯಬಹುದು. ಇಂಥ ಕಡೆ ಎಟಿಎಂ ಬ್ಯಾಂಕಿನ ಕಂಪ್ಯೂಟರು ‘ವ್ಯವಹಾರ ರದ್ದು’ ಎಂಬ ಸಂದೇಶವನ್ನು ತಾನೇ ಕಳಿಸುತ್ತದೆ, ಎಷ್ಟೋ ಸಲ ಕೆಲವೇ ನಿಮಿಷದಲ್ಲಿ ಹಣ ಖಾತೆಗೆ ವಾಪಸ್ ಬರುತ್ತದೆ. ಆ ರದ್ದು ಸಂದೇಶವೇ ಸಂಪರ್ಕ ಸಿಗದೆ ಕಳೆದುಹೋದರೆ ಮಾತ್ರ ತೊಂದರೆ.

ಎಣಿಸುವ ಸದ್ದು ಬಂದು ನಿಂತರೆ ಅದು ಬೇರೆ ಕಥೆ. ಎಟಿಎಂ ಒಳಗೆ ನೋಟುಗಳನ್ನು ತುಂಬಿದ ಪೆಟ್ಟಿಗೆಗಳಿರುತ್ತವೆ, ಅವುಗಳನ್ನು ಕ್ಯಾಸೆಟ್ ಎನ್ನುತ್ತಾರೆ. ಯಂತ್ರ ಅಲ್ಲಿಂದ ಒಂದೊಂದೇ ನೋಟನ್ನು ಎಳೆದು, ಅದರ ದಪ್ಪ ಅಳೆದು, ಎರಡು ನೋಟು ಅಂಟಿಕೊಂಡಿವೆ ಎಂದೋ ನೋಟು ಮಡಚಿದೆ ಎಂದೋ ಅನುಮಾನ ಬಂದರೆ ಅದನ್ನು ಹೊರಗೆ ಕೊಡದೆ ಒಳಗೇ ಇರುವ ಇನ್ನೊಂದು ಡಬ್ಬಿಗೆ ತಳ್ಳುತ್ತದೆ. ನಮ್ಮ ತಿಪಟೂರಿನ ಪ್ರಕರಣದಲ್ಲಿ ಆದದ್ದು ಇದೇ. ಹಣ ಕಳೆದುಹೋಗಿರಲಿಲ್ಲ, ಯಂತ್ರದ ಹೊಟ್ಟೆಯೊಳಗೇ ಇತ್ತು. ಯಂತ್ರಕ್ಕೆ ಹಣ ತುಂಬುವ ಏಜೆನ್ಸಿಯವರು ಮುಂದೆ ಬಂದು ಕ್ಯಾಸೆಟ್‌ಗಳನ್ನೂ ಆ ಡಬ್ಬಿಯನ್ನೂ ತೆಗೆದು ಎಣಿಸಿದಾಗ ಲೆಕ್ಕಕ್ಕಿಂತ 10,000 ರೂಪಾಯಿ ಹೆಚ್ಚು ಸಿಗಬೇಕು. ಆ ‘ಹೆಚ್ಚುವರಿ’ಯೇ ನಿಮ್ಮ ಪರವಾದ ದೊಡ್ಡ ಸಾಕ್ಷಿ. ಬ್ಯಾಂಕಿನವರು ಇದನ್ನು ನಗದು ತಾಳೆ ಎಂದೋ ಕ್ಯಾಶ್ ಬ್ಯಾಲೆನ್ಸಿಂಗ್ ಎಂದೋ ಕರೆಯುತ್ತಾರೆ.

ಇನ್ನು ಮೂರನೆಯದು ನಿಜವಾಗಿ ಅಪಾಯದ್ದು. ಎಣಿಸುವ ಸದ್ದು ಪೂರ್ತಿ ಬರುತ್ತದೆ, ನೋಟು ಹೊರಬರುವ ಬಾಯಿ ತೆರೆದ ಸದ್ದೂ ಬರುತ್ತದೆ, ಆದರೆ ನೋಟು ಕಾಣುವುದಿಲ್ಲ. ಕಳ್ಳರು ಆ ಬಾಯಿಗೆ ಯಂತ್ರದ ಬಣ್ಣದ್ದೇ ಪಟ್ಟಿಯನ್ನು ಅಂಟಿಸಿ ನೋಟು ಒಳಗೇ ಸಿಕ್ಕಿಕೊಳ್ಳುವಂತೆ ಮಾಡುತ್ತಾರೆ. ಗ್ರಾಹಕ ಬೇಸತ್ತು ಹೋದ ಮೇಲೆ ಬಂದು ಪಟ್ಟಿ ಕಿತ್ತು ನೋಟು ಎತ್ತಿಕೊಳ್ಳುತ್ತಾರೆ. ಇಲ್ಲಿ ಯಂತ್ರದ ದೃಷ್ಟಿಯಲ್ಲಿ ನೋಟು ಹೊರಗೆ ಹೋಗಿದೆ, ಹೆಚ್ಚುವರಿ ಹಣವೂ ಸಿಗುವುದಿಲ್ಲ. ಹಾಗಾಗಿ ತಾನಾಗಿ ಮರುಜಮೆಯಾಗುವ ಸಂಭವ ಕಡಿಮೆ. ಸದ್ದು ಈ ರೀತಿ ಬಂದರೆ ಜಾಗ ಬಿಟ್ಟು ಕದಲಬಾರದು. ನೋಟಿನ ಬಾಯಿಯನ್ನು ಬೆರಳಿನಿಂದ ಸವರಿ ನೋಡಿ, ಅಲ್ಲೇ ನಿಂತು ಬ್ಯಾಂಕಿಗೆ ಫೋನ್ ಮಾಡಿ. ಫೋನ್ ನಂಬರನ್ನು ಕಾರ್ಡಿನ ಹಿಂಭಾಗದಿಂದಲೇ ತೆಗೆದುಕೊಳ್ಳಬೇಕು. ಎಟಿಎಂ ಗೋಡೆಗೆ ಅಂಟಿಸಿದ ಯಾವುದೋ ಚೀಟಿಯಿಂದ ಅಥವಾ ಅಂತರ್ಜಾಲದಲ್ಲಿ ಹುಡುಕಿ ಸಿಕ್ಕ ಸಹಾಯವಾಣಿಯಿಂದ ಅಲ್ಲ. ಹಣ ಕಳೆದುಕೊಂಡ ಗಾಬರಿಯಲ್ಲಿ ಇರುವವರನ್ನೇ ಹುಡುಕಿ ಕಾರ್ಡಿನ ವಿವರವನ್ನೂ ಒಟಿಪಿಯನ್ನೂ ಕೇಳುವ ನಕಲಿ ನಂಬರುಗಳು ಬೇಕಾದಷ್ಟಿವೆ.

ಹೊಲಿಗೆ ಅಂಗಡಿಯಾಕೆ ಬ್ಯಾಂಕಿನಿಂದ ನೇರ ಬಂದು ನನ್ನನ್ನು ಕೇಳಿದರು: “ಅಣ್ಣಾ, ಅವರೇ ತಾನಾಗಿ ಬರುತ್ತೆ ಅಂತಾರೆ. ಬರೆದು ಕೊಡೋದು ಯಾಕೆ?”

ಕೇಳಬೇಕಾದ ಪ್ರಶ್ನೆಯೇ. ದೂರು ಕೊಡದಿದ್ದರೂ ಲೆಕ್ಕ ಓಡುತ್ತದೆ, ನಿಜ. ಆದರೂ ಬರೆದು ಕೊಡಲು ಎರಡು ಕಾರಣಗಳಿವೆ. ‘ತಾನಾಗಿ’ ಆಗುವ ಕೆಲಸ ಆಗದೆ ಹೋದಾಗ ಮುಂದಿನ ಮೆಟ್ಟಿಲಾದ ಒಂಬುಡ್ಸ್‌ಮನ್ ಬಳಿ ಹೋಗಲು ಬ್ಯಾಂಕಿಗೆ ಮೊದಲು ಲಿಖಿತ ದೂರು ಕೊಟ್ಟಿರಬೇಕು. ಎರಡನೆಯದು, ಸಿಸಿಟಿವಿ ದೃಶ್ಯಗಳನ್ನು ಬ್ಯಾಂಕು ಎಂದೆಂದಿಗೂ ಇಟ್ಟುಕೊಂಡಿರುವುದಿಲ್ಲ. ಬೇಗ ಬರೆದು ‘ದೃಶ್ಯ ಉಳಿಸಿ’ ಎಂದು ಕೇಳಿದರೆ ಮುಂದೆ ‘ಅಳಿಸಿಹೋಗಿದೆ’ ಎನ್ನುವ ಅವಕಾಶ ಇರುವುದಿಲ್ಲ.

ದೂರಿನಲ್ಲಿ ಸಿಟ್ಟಿಗಿಂತ ವಿವರಕ್ಕೆ ಬೆಲೆ. ದಿನಾಂಕ, ಗಂಟೆ, ಎಟಿಎಂ ಇರುವ ಜಾಗ, ಯಾವ ಬ್ಯಾಂಕಿನದು, ಯಂತ್ರದ ಮೇಲೆ ಬರೆದಿರುವ ಎಟಿಎಂ ಸಂಖ್ಯೆ, ಮೊತ್ತ, ಖಾತೆ ಸಂಖ್ಯೆ, ಕಾರ್ಡಿನ ಕೊನೆಯ ನಾಲ್ಕು ಅಂಕಿ. ಕಡಿತದ ಸಂದೇಶದಲ್ಲೋ ಖಾತೆಯ ವಿವರದಲ್ಲೋ 12 ಅಂಕಿಯ ಒಂದು ಉಲ್ಲೇಖ ಸಂಖ್ಯೆ ಇರುವುದುಂಟು, `RRN` ಎಂದು ತೋರಿಸುತ್ತದೆ. ಅದನ್ನು ಹಾಕಿದರೆ ಬ್ಯಾಂಕಿನವರು ನಿಮ್ಮ ವ್ಯವಹಾರವನ್ನು ತಕ್ಷಣ ಹುಡುಕಬಹುದು. ಪೂರ್ತಿ ಕಾರ್ಡ್ ಸಂಖ್ಯೆ, ಪಿನ್, ಒಟಿಪಿ ಯಾವ ದೂರಿಗೂ ಬೇಕಾಗಿಲ್ಲ. ನಾವು ಬರೆದ ಅರ್ಜಿಯ ಮೈ ಹೀಗಿತ್ತು:

“ದಿನಾಂಕ 12-1-2024ರ ಸಂಜೆ ಮೇಲ್ಕಂಡ ಎಟಿಎಂನಲ್ಲಿ ರೂ. 10,000 ತೆಗೆಯಲು ನನ್ನ ಕಾರ್ಡ್ ಬಳಸಿದೆ. ನೋಟು ಎಣಿಸುವ ಸದ್ದು ಬಂದು ನಿಂತಿತು, ಹಣ ಹೊರಬರಲಿಲ್ಲ, ಚೀಟಿಯೂ ಬರಲಿಲ್ಲ. ಖಾತೆಯಿಂದ ರೂ. 10,000 ಕಡಿತವಾಗಿದೆ. ಭಾರತೀಯ ರಿಸರ್ವ್ ಬ್ಯಾಂಕಿನ 20-9-2019ರ ಸುತ್ತೋಲೆ, ಸಂಖ್ಯೆ `DPSS.CO.PD No.629/02.01.014/2019-20`ರ ಪ್ರಕಾರ ಈ ಮೊತ್ತ 17-1-2024ರೊಳಗೆ ನನ್ನ ಖಾತೆಗೆ ಮರುಜಮೆಯಾಗಬೇಕು. ತಡವಾದಲ್ಲಿ ಆ ನಂತರದ ಪ್ರತಿ ದಿನಕ್ಕೆ ರೂ. 100ರಂತೆ ಪರಿಹಾರವನ್ನೂ ಜಮೆ ಮಾಡಬೇಕಾಗಿ ಕೋರುತ್ತೇನೆ. ಎಟಿಎಂನ ಆ ದಿನದ ಸಿಸಿಟಿವಿ ದೃಶ್ಯ, ಇಲೆಕ್ಟ್ರಾನಿಕ್ ಜರ್ನಲ್ ಮತ್ತು ನಗದು ತಾಳೆ ವರದಿಯನ್ನು ಕಾಯ್ದಿರಿಸಬೇಕು. ವ್ಯವಹಾರ ಯಶಸ್ವಿಯಾಗಿದೆ ಎಂಬುದು ಬ್ಯಾಂಕಿನ ತೀರ್ಮಾನವಾದರೆ ಅವುಗಳ ಪ್ರತಿಯನ್ನು ನನಗೆ ಕೊಡಬೇಕು.”

ಇದರಲ್ಲಿ ‘17-1-2024’ ಎಂಬ ದಿನಾಂಕವನ್ನು ನಾವೇ ಎಣಿಸಿ ಬರೆದದ್ದಕ್ಕೆ ಕಾರಣವಿದೆ. ‘ನಿಯಮದ ಪ್ರಕಾರ ಬೇಗ ಹಣ ಹಾಕಿ’ ಎಂದು ಬರೆದರೆ ಅರ್ಜಿ ತೆಗೆದುಕೊಂಡವರು ತಮಗೆ ಗೊತ್ತಿರುವ ನಿಯಮವನ್ನೇ ಹಿಡಿಯುತ್ತಾರೆ. ದಿನಾಂಕ ಕಣ್ಣಿಗೆ ಕಂಡರೆ ಚರ್ಚೆ ಆ ದಿನಾಂಕದ ಸುತ್ತ ನಡೆಯುತ್ತದೆ. ಅರ್ಜಿಯ ಇನ್ನೊಂದು ಪ್ರತಿಗೆ ಶಾಖೆಯ ಮೊಹರು, ಸಹಿ, ದಿನಾಂಕ ಹಾಕಿಸಿಕೊಂಡು ಬಂದರು. ಫೋನಿನಲ್ಲೋ ಆ್ಯಪ್‌ನಲ್ಲೋ ದೂರು ಕೊಡುವವರಿಗೆ ಮೊಹರಿನ ಬದಲು ದೂರಿನ ಸಂಖ್ಯೆ ಬರುತ್ತದೆ, ಅದನ್ನು ಬರೆದಿಟ್ಟುಕೊಂಡರಾಯಿತು.

22ಕ್ಕೆ ಉತ್ತರ ಬಂತು. ಎಟಿಎಂ ಬ್ಯಾಂಕಿನ ದಾಖಲೆ ಪ್ರಕಾರ ವ್ಯವಹಾರ ಯಶಸ್ವಿಯಾಗಿದೆ, ದೂರು ಮುಕ್ತಾಯ. ಬಹಳ ಜನ ಕೈಚೆಲ್ಲುವುದು ಈ ಹಂತದಲ್ಲಿಯೇ. ಆದರೆ ‘ಯಶಸ್ವಿ’ ಎನ್ನುವುದಕ್ಕೆ ಯಾವ ದಾಖಲೆ ನೋಡಿದರು ಎಂದು ಕೇಳಬೇಕು. ಜಾಲದ ದಾಖಲೆಯಲ್ಲಿ ನಿಮ್ಮ ಬ್ಯಾಂಕು ಒಪ್ಪಿಗೆ ಕೊಟ್ಟದ್ದು ಯಶಸ್ವಿ ಎಂದೇ ಕಾಣುತ್ತದೆ, ಅದು ನೋಟು ಹೊರಬಂದದ್ದಕ್ಕೆ ಸಾಕ್ಷಿಯಲ್ಲ. ಯಂತ್ರ ಪ್ರತಿ ಹೆಜ್ಜೆಯನ್ನೂ ಬರೆದಿಡುವ ದಿನಚರಿ ಇಲೆಕ್ಟ್ರಾನಿಕ್ ಜರ್ನಲ್. ಎಷ್ಟು ನೋಟು ಎಳೆಯಿತು, ಎಷ್ಟನ್ನು ಒಳಗಿನ ಡಬ್ಬಿಗೆ ತಳ್ಳಿತು, ನೋಟು ಹೊರಗೆ ಚಾಚಿತೇ, ಯಾರಾದರೂ ತೆಗೆದುಕೊಂಡರೇ, ನಡುವೆ ದೋಷ ಬಂತೇ ಎಂಬುದೆಲ್ಲ ಅದರಲ್ಲಿ ಸಾಲು ಸಾಲಾಗಿ ಇರುತ್ತದೆ. ಅದನ್ನೂ ನಗದು ತಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡದೆ ಕೊಟ್ಟ ತೀರ್ಮಾನವನ್ನು ಒಪ್ಪಬೇಕಾಗಿಲ್ಲ.

ಆಕೆ ಅದೇ ದಿನ ಎರಡನೇ ಪತ್ರ ಕೊಟ್ಟರು. ಒಂದೇ ಬೇಡಿಕೆ: ಜರ್ನಲ್ ಮತ್ತು ನಗದು ತಾಳೆ ವರದಿಯ ಪ್ರತಿ. ಪ್ರತಿಗಳು ಬರಲಿಲ್ಲ, ಹಣ ಬಂತು. ಜನವರಿ 29ರಂದು 10,000 ರೂಪಾಯಿ ಜಮೆಯಾಯಿತು. ಎಟಿಎಂ ಬ್ಯಾಂಕಿನ ಕಡೆ ಹೆಚ್ಚುವರಿ ಹಣ ಸಿಕ್ಕಿದೆ ಎಂದು ಶಾಖೆಯವರು ಬಾಯಿಮಾತಿನಲ್ಲಿ ಹೇಳಿದರು.

ಅವರು ಸಿಹಿ ಹಂಚುವಷ್ಟು ಖುಷಿಯಲ್ಲಿದ್ದರು. ನಾನು ಪಾಸ್‌ಬುಕ್ ತರಿಸಿ ನೋಡಿದೆ. ಅಸಲು ಮಾತ್ರ ಬಂದಿತ್ತು. 17ರಿಂದ 29ರ ತನಕ 12 ದಿನ ತಡ. ದಿನಕ್ಕೆ 100ರಂತೆ 1,200 ರೂಪಾಯಿ ಬರಬೇಕಿತ್ತು. ಪರಿಹಾರ ಅಸಲಿನೊಳಗೆ ಸೇರಿ ಬರುವುದಿಲ್ಲ, ಪಾಸ್‌ಬುಕ್ಕಿನಲ್ಲಿ ಬೇರೆ ಸಾಲಾಗಿ ಕಾಣಬೇಕು. ಸುತ್ತೋಲೆ ‘ತಾನಾಗಿ’ ಎಂದು ಹೇಳಿರುವುದು ಅಸಲಿಗೆ ಮಾತ್ರವಲ್ಲ, ಈ ಹಣಕ್ಕೂ. ವಿಳಂಬಕ್ಕೆ ಎಟಿಎಂ ಬ್ಯಾಂಕು ಕಾರಣ, ನಾವಲ್ಲ ಎಂಬ ಮಾತು ಬಂದರೆ ಅದು ಎರಡು ಬ್ಯಾಂಕುಗಳ ನಡುವಿನ ವಿಚಾರ. ಖಾತೆದಾರನಿಗೆ ಸಿಗಬೇಕಾದ್ದು ಸಿಗಲೇಬೇಕು. ಮೂರನೇ ಪತ್ರದಲ್ಲಿ ಮೂರು ದಿನಾಂಕ ಮತ್ತು ಒಂದು ಕಳೆಯುವ ಲೆಕ್ಕ ಮಾತ್ರ ಇತ್ತು. ಆಮೇಲೆ 1,200 ರೂಪಾಯಿಯೂ ಬಂತು.

ಈ ಪರಿಹಾರ ಮೊತ್ತವನ್ನು ನೋಡಿ ಕೊಡುವುದಲ್ಲ. 500 ರೂಪಾಯಿ ಸಿಕ್ಕಿಬಿದ್ದರೂ ದಿನಕ್ಕೆ 100, ಹತ್ತು ಸಾವಿರ ಸಿಕ್ಕಿಬಿದ್ದರೂ ದಿನಕ್ಕೆ 100. ಹಾಗಾಗಿ ‘ಐನೂರಕ್ಕೆಲ್ಲ ಯಾರು ಓಡಾಡುತ್ತಾರೆ’ ಎಂದು ಬಿಡುವವರು ನಿಜವಾಗಿ ಬಿಡುತ್ತಿರುವುದು ಐನೂರನ್ನು ಮಾತ್ರ ಅಲ್ಲ. ಹಳ್ಳಿಯ ಕಡೆ ಇದು ಇನ್ನೂ ಮುಖ್ಯ. ಗೃಹಲಕ್ಷ್ಮಿಯ 2,000 ರೂಪಾಯಿಯನ್ನೋ ಪಿಂಚಣಿಯನ್ನೋ ತೆಗೆಯಲು ಬ್ಯಾಂಕ್ ಮಿತ್ರರ ಬಳಿಗೆ ಹೋಗಿ, ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರಕ್ಕೆ ಕಾರ್ಡು ಹಾಕುವವರು ಎಷ್ಟೋ ಜನ. ಸುತ್ತೋಲೆ ಈ ಮೈಕ್ರೋ ಎಟಿಎಂ ಅನ್ನೂ ಹೆಸರಿಸಿಯೇ ಸೇರಿಸಿದೆ. ಹೆಬ್ಬೆಟ್ಟು ಒತ್ತಿ ಆಧಾರ್ ಮೂಲಕ ಮಾಡಿದ ವ್ಯವಹಾರದಲ್ಲಿ ಖಾತೆಯಿಂದ ಕಡಿತವಾಗಿ ಅಲ್ಲಿಗೆ ಖಾತರಿ ಬಾರದಿದ್ದರೂ ಐದು ದಿನದ ಗಡುವು, ದಿನಕ್ಕೆ 100 ರೂಪಾಯಿ ಅನ್ವಯಿಸುತ್ತದೆ. ‘ಸರ್ವರ್ ಇಲ್ಲ, ನಾಳೆ ಬಾಮ್ಮ’ ಎಂದಾಗ, ಮನೆಗೆ ಹೋಗುವ ಮುನ್ನ ಖಾತೆಯಲ್ಲಿ ಎಷ್ಟು ಉಳಿದಿದೆ ಎಂದು ಅಲ್ಲೇ ನೋಡಿಸಿಕೊಳ್ಳಬೇಕು.

ಗಡುವಿಗೆ ಮಿತಿಗಳೂ ಇವೆ. ವ್ಯವಹಾರ ವಿಫಲವಾದದ್ದು ಗ್ರಾಹಕನ ತಪ್ಪಿನಿಂದ ಆಗಿರಬಾರದು. ಸಂಪರ್ಕ ಕಡಿತ, ಯಂತ್ರದಲ್ಲಿ ನೋಟು ಇಲ್ಲದಿರುವುದು, ಸಮಯ ಮೀರುವುದು ಇಂಥವಕ್ಕೆ ಅದು ಅನ್ವಯಿಸುತ್ತದೆ. ಯಾರೋ ನಿಮ್ಮ ಕಾರ್ಡು ಬಳಸಿ ಹಣ ತೆಗೆದಿದ್ದರೆ ಅದು ಬೇರೆ ನಿಯಮ, ಬೇರೆ ದೂರು. ವ್ಯವಹಾರದ ಎರಡೂ ತುದಿ ಭಾರತದಲ್ಲೇ ಇರಬೇಕು. ದುಬೈಯಲ್ಲಿ ಕೆಲಸ ಮಾಡುವ ಮಂಗಳೂರಿನವರು ಅಲ್ಲಿಯ ಎಟಿಎಂನಲ್ಲಿ ಇಲ್ಲಿಯ ಕಾರ್ಡು ಹಾಕಿ ಸಿಕ್ಕಿಬಿದ್ದರೆ ಈ ಐದು ದಿನದ ಗಡುವನ್ನು ಉಲ್ಲೇಖಿಸಲು ಬರುವುದಿಲ್ಲ. ಇನ್ನು ಕೇಳಿದ್ದಕ್ಕಿಂತ ಕಡಿಮೆ ನೋಟು ಬಂದಾಗ ಬ್ಯಾಂಕಿಗೆ ಒಪ್ಪಿಸುವುದು ಕಷ್ಟ, ಅಸಾಧ್ಯವಲ್ಲ. ಅಲ್ಲೂ ನಿಮ್ಮನ್ನು ಕಾಯುವುದು ಅದೇ ನಗದು ತಾಳೆ. ನೋಟು ಬಂದ ಕೂಡಲೇ ಅಲ್ಲೇ, ಕ್ಯಾಮೆರಾ ಕಣ್ಣೆದುರಿಗೇ ಎಣಿಸುವ ರೂಢಿ ಇದ್ದರೆ ಸಿಸಿಟಿವಿಯೂ ಜೊತೆಗೆ ನಿಲ್ಲುತ್ತದೆ.

ಬ್ಯಾಂಕು 30 ದಿನದಲ್ಲಿ ಉತ್ತರವನ್ನೇ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. `cms.rbi.org.in` ತಾಣದಲ್ಲಿ ದೂರು ಹಾಕಬಹುದು, ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ಮಾಹಿತಿ ಬೇಕಾದವರು 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡಬಹುದು. ಬ್ಯಾಂಕಿಗೆ ಕೊಟ್ಟ ದೂರಿನ ಪ್ರತಿ, ಅವರ ಉತ್ತರ, ಆ ತಿಂಗಳ ಖಾತೆಯ ವಿವರ ಜೊತೆಗಿರಬೇಕು. ಇಲ್ಲಿ ಒಂದು ಗೊಂದಲ ಬೇಡ. ಈ 30 ದಿನ ಒಂಬುಡ್ಸ್‌ಮನ್ ಬಳಿ ಹೋಗುವ ಮುನ್ನ ಕಾಯಬೇಕಾದ ಅವಧಿಯೇ ಹೊರತು, ಹಣ ಹಿಂತಿರುಗಿಸಲು ಬ್ಯಾಂಕಿಗೆ ಇರುವ ಅವಧಿಯಲ್ಲ. ಆ 30 ದಿನ ಕಾಯುವಾಗಲೂ ಆರನೇ ದಿನದಿಂದ ನೂರು ರೂಪಾಯಿಯ ಲೆಕ್ಕ ಸೇರುತ್ತಲೇ ಇರುತ್ತದೆ. ದೂರಿನಲ್ಲಿ ಅಸಲು ಒಂದು ಸಾಲು, ಅಲ್ಲಿಯ ತನಕದ ಪರಿಹಾರ ಇನ್ನೊಂದು ಸಾಲು ಎಂದು ಬಿಡಿಸಿ ಬರೆಯಿರಿ. ಅಸಲು ಆಗಲೇ ಬಂದಿದ್ದು ಪರಿಹಾರ ಮಾತ್ರ ಬಾಕಿ ಇದ್ದರೆ ಅದಕ್ಕಾಗಿಯೇ ದೂರು ಕೊಡಬಹುದು.

ಪಾಸ್‌ಬುಕ್ ನೋಡುವಾಗ ಇನ್ನೊಂದು ಸಾಲನ್ನೂ ಹುಡುಕಿ. ತಿಂಗಳ ಉಚಿತ ಮಿತಿ ಮುಗಿದ ಮೇಲೆ ಎಟಿಎಂ ಬಳಸಿದರೆ ಬ್ಯಾಂಕು ಈಗ 23 ರೂಪಾಯಿ ಮತ್ತು ತೆರಿಗೆಯ ತನಕ ಶುಲ್ಕ ಹಾಕಬಹುದು. ಆದರೆ ಯಂತ್ರ, ತಂತ್ರಾಂಶ ಅಥವಾ ಸಂಪರ್ಕದ ದೋಷದಿಂದಲೋ ನೋಟು ಇಲ್ಲದ್ದರಿಂದಲೋ ವಿಫಲವಾದ ಪ್ರಯತ್ನವನ್ನು ಆ ಎಣಿಕೆಗೆ ಸೇರಿಸಬಾರದು, ಅದಕ್ಕೆ ಶುಲ್ಕ ಹಾಕಬಾರದು ಎಂದು ರಿಸರ್ವ್ ಬ್ಯಾಂಕ್ 2019ರ ಆಗಸ್ಟ್‌ನಲ್ಲಿಯೇ ಸ್ಪಷ್ಟಪಡಿಸಿದೆ. ನೋಟು ಬರದ ದಿನದ ಹೆಸರಿನಲ್ಲಿ ಶುಲ್ಕ ಕಡಿತವಾಗಿದ್ದರೆ ಅದನ್ನೂ ಅದೇ ಪತ್ರದಲ್ಲಿ ಕೇಳಿ.